ಸೀಲಿಂಗ್ ಸೋರುತ್ತಿದೆ ಅಂತ ಬಾಡಿಗೆದಾರರು ಮತ್ತೆ ಮತ್ತೆ ಹೇಳಿದಾಗ ಏನು ಮಾಡಬೇಕು?

ಸೀಲಿಂಗ್ ಮೇಲೆ ಕಲೆ ಬಂದಿದೆ ಅಂತ ಬಾಡಿಗೆದಾರರು ಫೋನ್ ಮಾಡುತ್ತಾರೆ. ನೀವು ಪೇಂಟರ್ ಕಳಿಸುತ್ತೀರಿ. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಕಲೆ. ಈ ಸಲ ಮೇಲಿನ ಮನೆಯ ಬಾತ್‌ರೂಮಿನ ಟೈಲ್ಸ್ ಸಂದುಗಳನ್ನು ತುಂಬಿಸುತ್ತೀರಿ. ಕೆಲವು ವಾರ ಕಳೆದ ಮೇಲೆ ಮೂರನೇ ಫೋನ್. ಅಷ್ಟು ಹೊತ್ತಿಗೆ ನಿಮಗೂ ಸಾಕಾಗಿರುತ್ತದೆ, ಅವರಿಗೂ ಸಾಕಾಗಿರುತ್ತದೆ. ಮೇಲಿನ ಮನೆಯವರು ಬಾಗಿಲು ತೆಗೆಯುವಾಗಲೇ ಮುಖ ಸಪ್ಪೆ ಮಾಡುತ್ತಾರೆ.

ಹೀಗಾಗುವುದಕ್ಕೆ ಕೆಲಸಗಾರರು ಸರಿಯಿಲ್ಲ ಅನ್ನುವುದು ಅಪರೂಪಕ್ಕೆ ಮಾತ್ರ ಕಾರಣ. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವ ಮೊದಲೇ ರಿಪೇರಿ ಶುರುವಾಗಿರುತ್ತದೆ, ಅಷ್ಟೇ. ಅದನ್ನು ಪತ್ತೆ ಮಾಡಲು ಬೇಕಾದ ಅರ್ಧ ಮಾಹಿತಿ ಬಾಡಿಗೆದಾರರ ದೂರಿನಲ್ಲೇ ಇರುತ್ತದೆ. ಯಾವಾಗ ಹನಿ ಬಿತ್ತು, ಎಷ್ಟು ಹೊತ್ತು ಬಿತ್ತು, ಆಗ ಮೇಲೆ ಏನು ನಡೆದಿತ್ತು ಅನ್ನುವುದನ್ನು ಯಾರೂ ಬರೆದಿಡುವುದಿಲ್ಲ. ಈ ಲೇಖನದಲ್ಲಿ ಒಂದೇ ಸಂದರ್ಭ ಹಿಡಿದು ಹೇಳುತ್ತೇನೆ: ಮೇಲಿನ ಮನೆಯ ಬಾತ್‌ರೂಮ್ ಕೆಳಗಿನ ಸೀಲಿಂಗ್, ಎರಡು ರಿಪೇರಿ ಆದ ಮೇಲೂ ಬಂದ ಮೂರನೇ ದೂರು. ತಾರಸಿ ಸೋರಿಕೆಯ ಕತೆ ಬೇರೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಮೊದಲು ಅಪಾಯ ಇದೆಯಾ ನೋಡಿ

ದೂರು ಬಂದ ಕೂಡಲೇ ಎರಡು ಪ್ರಶ್ನೆ ಕೇಳಿ. ನೀರು ಲೈಟ್, ಫ್ಯಾನ್ ಅಥವಾ ಸ್ವಿಚ್ ಹತ್ತಿರ ಬರುತ್ತಿದೆಯಾ? ಸೀಲಿಂಗ್ ಎಲ್ಲಾದರೂ ಉಬ್ಬಿದೆಯಾ, ಜೋತುಬಿದ್ದಿದೆಯಾ?

ಮೊದಲನೆಯದಕ್ಕೆ ಹೌದು ಅಂದರೆ ಆ ಕೋಣೆಯ ಎಂಸಿಬಿ ಇಳಿಸಲು ಹೇಳಿ. ಬೋರ್ಡ್ ಒದ್ದೆಯಾಗಿದ್ದರೆ ಅವರು ಅದನ್ನು ಮುಟ್ಟುವುದೇ ಬೇಡ, ಎಲೆಕ್ಟ್ರಿಷಿಯನ್ ಬರಲಿ. ಎರಡನೆಯದಕ್ಕೆ ಹೌದು ಅಂದರೆ ಅದರ ಕೆಳಗೆ ಯಾರೂ ಮಲಗುವುದು, ಕೂರುವುದು ಬೇಡ. ನೀರು ಕುಡಿದ ಪ್ಲಾಸ್ಟರ್ ಭಾರವಾಗಿ, ಹಿಡಿತ ಬಿಟ್ಟು, ಹಾಳೆಯಂತೆ ಕಳಚಿ ಬೀಳುತ್ತದೆ. ಉದ್ದ ಕೋಲಿನಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಹಿಡಿತ ಬಿಟ್ಟಿದೆ ಅಂತಲೇ ಅರ್ಥ. ತುಕ್ಕಿನ ಬಣ್ಣದ ಗೆರೆ ಕಂಡರೆ ಅಥವಾ ಕಂಬಿ ಹೊರಗೆ ಕಾಣುತ್ತಿದ್ದರೆ ವಿಷಯ ಪ್ಲಂಬರ್ ಕೈ ದಾಟಿದೆ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಕಂಬಿ ತುಕ್ಕು ಹಿಡಿದರೆ ಹಿಗ್ಗುತ್ತದೆ, ಒಳಗಿಂದಲೇ ಕಾಂಕ್ರೀಟ್ ಒಡೆಯುತ್ತದೆ.

ಇವೆರಡೂ ಇಲ್ಲವಾದರೆ ಒಂದೆರಡು ವಾರ ಪತ್ತೆ ಕೆಲಸಕ್ಕೆ ಸಮಯ ಇದೆ. ಗಡಿಬಿಡಿ ಬೇಡ. ಆದರೆ ಬಾಡಿಗೆದಾರರಿಗೆ ಉತ್ತರ ಮಾತ್ರ ಅವತ್ತೇ ಹೋಗಬೇಕು, ಅದೂ ಬರಹದಲ್ಲಿ. ಹೀಗೆ ಬರೆದರೆ ಸಾಕು:

"ನಿಮ್ಮ ದೂರು ತಲುಪಿತು. ಹಿಂದೆ ಎರಡು ಸಲ ಮಾಡಿಸಿದ ಕೆಲಸದಿಂದ ಸರಿಹೋಗಿಲ್ಲ ಅನ್ನುವುದು ಗೊತ್ತಾಗಿದೆ. ಈ ಸಲ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಪರೀಕ್ಷೆ ಮಾಡಿಸಿ ಆಮೇಲೆ ರಿಪೇರಿ ಮಾಡಿಸುತ್ತೇನೆ. ಗುರುವಾರ ಸಂಜೆ ಬಂದು ನೋಡುತ್ತೇನೆ, ನಿಮಗೆ ಆಗುತ್ತದೆಯೇ ತಿಳಿಸಿ. ಅಲ್ಲಿಯವರೆಗೆ ಹನಿ ಬಿದ್ದ ಹೊತ್ತನ್ನು ಬರೆದಿಟ್ಟರೆ ತುಂಬಾ ಸಹಾಯವಾಗುತ್ತದೆ."

ಇದರಲ್ಲಿ ಹಳೇ ರಿಪೇರಿ ಫಲಿಸಲಿಲ್ಲ ಅನ್ನುವುದನ್ನು ಒಪ್ಪಿಕೊಂಡಾಗಿದೆ, ಮುಂದಿನ ದಿನ ಕೊಟ್ಟಾಗಿದೆ. "ನೋಡೋಣ", "ಪ್ಲಂಬರ್‌ಗೆ ಹೇಳಿದ್ದೀನಿ" ಅನ್ನುವ ಉತ್ತರಗಳೇ ದಿನಕ್ಕೆ ನಾಲ್ಕು ಮೆಸೇಜ್ ಬರುವಂತೆ ಮಾಡುತ್ತವೆ. ಮುಂದಿನ ದಿನಾಂಕ ಗೊತ್ತಿದ್ದವರು ಅಲ್ಲಿಯವರೆಗೆ ಕಾಯುತ್ತಾರೆ.

ಒಂದೇ ಪುಸ್ತಕ, ಒಂದೇ ಫೋಲ್ಡರ್

ಈಗ ದಾಖಲೆ ಶುರು ಮಾಡಿ. ಫೋನ್ ಮಾತು, ವಾಟ್ಸಾಪ್, ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದ್ದು ಎಲ್ಲವೂ ಒಂದೇ ಕಡೆ ಬರಬೇಕು. ನೋಟ್‌ಬುಕ್ ಆದರೂ ಸರಿ, ಫೋನಿನ ಶೀಟ್ ಆದರೂ ಸರಿ. ಬಾಯಿಮಾತಿನಲ್ಲಿ ಆದದ್ದನ್ನು ಅವತ್ತೇ ಒಂದು ಸಾಲಿನ ಮೆಸೇಜ್ ಮಾಡಿ ಕಳಿಸಿಬಿಡಿ: "ಇವತ್ತು ಮಾತಾಡಿದಂತೆ ಪ್ಲಂಬರ್ ಶನಿವಾರ ಬರುತ್ತಾರೆ." ಆಗ ಅದು ಇಬ್ಬರ ಹತ್ತಿರವೂ ಉಳಿಯುತ್ತದೆ.

ಪ್ರತಿ ಸಾಲಿನಲ್ಲಿ ಇಷ್ಟಿರಲಿ: ದಿನಾಂಕ ಮತ್ತು ಗಂಟೆ, ಕಂಡದ್ದೇನು, ಆಗ ಮೇಲೆ ನೀರಿನ ಬಳಕೆ ಏನಿತ್ತು, ಮಳೆ ಇತ್ತಾ, ಏನು ಕ್ರಮ ಆಯಿತು. "ತುಂಬಾ ಸೋರುತ್ತಿದೆ" ಅಂತ ಬರೆಯಬೇಡಿ. ನಿಮಿಷಕ್ಕೆ ಎಷ್ಟು ಹನಿ, ಕಲೆಯ ಉದ್ದಗಲ ಎಷ್ಟು ಅಂತ ಬರೆಯಿರಿ.

ಕಲೆಯ ಅಳತೆಗೆ ಸುಲಭದ ಉಪಾಯ ಇದೆ. ಮೊದಲ ಭೇಟಿಯಲ್ಲೇ ಕಲೆಯ ಅಂಚಿನ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆಯಿರಿ. ಮುಂದಿನ ಸಲ ಕಲೆ ಆ ಗೆರೆ ದಾಟಿದ್ದರೆ ನೀರು ಇನ್ನೂ ಬರುತ್ತಿದೆ. ದಾಟಿಲ್ಲದಿದ್ದರೆ ಅದು ಹಳೇ ಕಲೆ ಇರಬಹುದು. ಸೀಲಿಂಗ್ ಮೇಲೆ ಗೀಚುವುದು ಯಾಕೆ ಅಂತ ಬಾಡಿಗೆದಾರರಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಅದಕ್ಕೂ ಒಂದು ದೂರು ಬರುತ್ತದೆ.

ಫೋಟೋ ತೆಗೆಯುವಾಗ ಪ್ರತಿ ಸಲ ಅದೇ ಜಾಗದಲ್ಲಿ ನಿಂತು ತೆಗೆಯಿರಿ. ಕಲೆಯ ಪಕ್ಕ ಟೇಪ್ ಹಿಡಿದಿರಲಿ. ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟರೆ ಉಬ್ಬಿದ ಪೇಂಟ್ ಚೆನ್ನಾಗಿ ಕಾಣುತ್ತದೆ. ಫೈಲ್ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಮೊದಲು ಬರಲಿ, ಉದಾಹರಣೆಗೆ `2026-03-03_hall_01.jpg`. ಹಾಗಿಟ್ಟರೆ ಫೋಟೋಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ನಮ್ಮ ಉದಾಹರಣೆಯ ಮನೆಯಲ್ಲಿ ಮೂರನೇ ದೂರಿನ ನಂತರ ಪುಸ್ತಕ ಹೀಗಿದೆ ಅಂದುಕೊಳ್ಳಿ:

ಮಾರ್ಚ್ 3, ಬೆಳಗ್ಗೆ 9:15: ಹಾಲ್ ಸೀಲಿಂಗ್, ಕಲೆಯ ನಡುವೆ ಹನಿ, ನಿಮಿಷಕ್ಕೆ 4. ಕಲೆ 40 × 30 ಸೆಂ.ಮೀ. ಮೇಲೆ 7:30ರಿಂದ 8:30ರವರೆಗೆ ಸ್ನಾನ.
ಮಾರ್ಚ್ 3, ರಾತ್ರಿ 10:00: ತೇವ ಇದೆ, ಹನಿ ಇಲ್ಲ.
ಮಾರ್ಚ್ 4, ಬೆಳಗ್ಗೆ 9:30: ಹನಿ, ನಿಮಿಷಕ್ಕೆ 3. ಮಧ್ಯಾಹ್ನದ ಹೊತ್ತಿಗೆ ನಿಂತಿದೆ.
ಮಾರ್ಚ್ 5ರಿಂದ 7: ಮೇಲಿನವರು ಊರಲ್ಲಿಲ್ಲ. ಹನಿ ಇಲ್ಲ. ಕಲೆ ಗೆರೆ ದಾಟಿಲ್ಲ.
ಮಾರ್ಚ್ 6: ಇಡೀ ಸಂಜೆ ಮಳೆ. ಬದಲಾವಣೆ ಇಲ್ಲ.
ಮಾರ್ಚ್ 8, ಬೆಳಗ್ಗೆ 10:00: ಮೇಲಿನವರು ವಾಪಸ್. ಹನಿ ಮತ್ತೆ ಶುರು.

ಈ ಸಾಲುಗಳು ಏನು ಹೇಳುತ್ತವೆ?

ಬಾತ್‌ರೂಮಿನಿಂದ ಕೆಳಗೆ ನೀರು ಬರಲು ಮುಖ್ಯವಾಗಿ ಮೂರು ದಾರಿ. ಒಂದು, ನಲ್ಲಿಗೆ ನೀರು ತರುವ ಪೈಪ್. ಎರಡು, ಬಳಸಿದ ನೀರು ಹೊರಹೋಗುವ ಡ್ರೈನ್ ಪೈಪ್ ಮತ್ತು ಅದರ ಬಾಯಿಯಲ್ಲಿರುವ ಫ್ಲೋರ್ ಟ್ರ್ಯಾಪ್. ಮೂರು, ನೆಲ ಮತ್ತು ಗೋಡೆಯ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್.

ನಲ್ಲಿಗೆ ಬರುವ ಪೈಪಿನಲ್ಲಿ ಯಾವಾಗಲೂ ಒತ್ತಡ ಇರುತ್ತದೆ. ಅದು ಒಡೆದಿದ್ದರೆ ಹಗಲು ರಾತ್ರಿ ಒಂದೇ ಸಮ ಜಿನುಗುತ್ತದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ನಿಲ್ಲುವುದಿಲ್ಲ. ಇಲ್ಲಿ ಮೂರು ದಿನ ನಿಂತಿದೆ. ಹಾಗಾದರೆ ಆ ಪೈಪ್ ಅಲ್ಲ ಅಂತ ಹೇಳಬಹುದಾ? ಒಂದು ವಿಷಯ ಕೇಳದೆ ಹೇಳಲಾಗದು: ಊರಿಗೆ ಹೋಗುವಾಗ ಅವರು ಮೇನ್ ವಾಲ್ವ್ ಬಂದ್ ಮಾಡಿದ್ದರಾ? ಮಾಡಿದ್ದರೆ ಆ ಮೂರು ದಿನದ ಸಾಕ್ಷಿಗೆ ಬೆಲೆ ಇಲ್ಲ. ಈ ಮನೆಯಲ್ಲಿ ಬಂದ್ ಮಾಡಿರಲಿಲ್ಲ. ಅಲ್ಲದೆ ರಾತ್ರಿ ಹನಿ ನಿಲ್ಲುತ್ತಿದೆ. ಆದ್ದರಿಂದ ಆ ಪೈಪಿನ ಮೇಲಿನ ಅನುಮಾನ ಬಹಳ ಕಡಿಮೆಯಾಯಿತು.

ಮಳೆಗೂ ಇದಕ್ಕೂ ಸಂಬಂಧ ಕಾಣುವುದಿಲ್ಲ. ಮಳೆ ಒಂದು ದಿನ ತಡವಾಗಿ ತೋರುವುದುಂಟು, ಆದರೆ 7ರಂದೂ ಒಣಗೇ ಇತ್ತು. ಸ್ನಾನ ಮುಗಿದು ಮುಕ್ಕಾಲು ಗಂಟೆಗೆ ಹನಿ ಕಂಡಿದೆ, ಮಧ್ಯಾಹ್ನಕ್ಕೆ ನಿಂತಿದೆ. ಉಳಿದಿರುವುದು ಡ್ರೈನ್ ಅಥವಾ ವಾಟರ್‌ಪ್ರೂಫಿಂಗ್. ಇವೆರಡನ್ನು ಪುಸ್ತಕ ಬೇರೆ ಮಾಡಲಾರದು, ಪರೀಕ್ಷೆ ಬೇಕು.

ಇಲ್ಲೊಂದು ಅಡ್ಡಮಾತು. ಕೆಲವು ಕಲೆಗಳು ಸೋರಿಕೆಯೇ ಅಲ್ಲ. ಒದ್ದೆ ಗಾಳಿ ತಣ್ಣನೆ ಸೀಲಿಂಗ್‌ಗೆ ತಾಗಿ ನೀರಾಗುವುದೂ ಇದೆ. ಅನುಮಾನ ಇದ್ದರೆ 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸೀಲಿಂಗ್‌ಗೆ ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಬದಿ ಒದ್ದೆಯಾದರೆ ನೀರು ಸ್ಲ್ಯಾಬ್‌ನಿಂದ ಬರುತ್ತಿದೆ. ಕೋಣೆಯ ಬದಿ ಒದ್ದೆಯಾದರೆ ಗಾಳಿಯಿಂದ. ಹನಿ ಎಣಿಸುವಷ್ಟು ಬೀಳುತ್ತಿರುವ ಕಡೆ ಇದರ ಅಗತ್ಯ ಇಲ್ಲ.

ಮೇಲಿನ ಮನೆಯವರ ಒಪ್ಪಿಗೆ

ಪರೀಕ್ಷೆಗೆ ಮೇಲಿನವರ ಬಾತ್‌ರೂಮ್ ಸುಮಾರು ಒಂದೂವರೆ ದಿನ ಬಿಟ್ಟುಕೊಡಬೇಕು. ಇದನ್ನು ಮುಚ್ಚಿಡಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತೀರಿ, ಯಾರ್‍ಯಾರು ಬರುತ್ತಾರೆ, ಎಷ್ಟು ಹೊತ್ತು ಬಾತ್‌ರೂಮ್ ಬಳಸುವಂತಿಲ್ಲ ಅಂತ ಬರೆದು ಕೇಳಿ. ಅವರ ಮನೆಯಲ್ಲಿ ಒಂದೇ ಬಾತ್‌ರೂಮ್ ಇದ್ದರೆ ಬದಲಿ ವ್ಯವಸ್ಥೆ ಏನು ಅನ್ನುವುದನ್ನೂ ನೀವೇ ಹೇಳಿ.

"ನಿಮ್ಮ ಬಾತ್‌ರೂಮ್‌ನಿಂದ ಸೋರುತ್ತಿದೆ" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಇನ್ನೂ ಸಾಬೀತಾಗದ ವಿಷಯ ಅದು. "ಕೆಳಗೆ ನೀರು ಕಾಣುತ್ತಿದೆ, ಎಲ್ಲಿಂದ ಅಂತ ಪತ್ತೆ ಮಾಡಬೇಕು, ಒಂದೂವರೆ ದಿನದ ಪರೀಕ್ಷೆಗೆ ಅವಕಾಶ ಕೊಡಿ" ಅನ್ನಿ. ಮೇಲಿನ ಮನೆ ಬೇರೆ ಮಾಲೀಕರದ್ದಾದರೆ ಖರ್ಚು ಯಾರದ್ದು ಅನ್ನುವ ಚರ್ಚೆಯನ್ನು ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಎತ್ತಬೇಡಿ. ಅವರು ಒಪ್ಪದಿದ್ದರೆ ಕೇಳಿದ ದಿನ, ಸಿಕ್ಕ ಉತ್ತರ ಎರಡೂ ಪುಸ್ತಕಕ್ಕೆ ಬರಲಿ. ಮುಂದೆ ಕಟ್ಟಡದ ಸಂಘದ ಮುಂದೆ ಹೋಗಬೇಕಾದರೂ ಕಾನೂನಿನ ದಾರಿ ಹಿಡಿಯಬೇಕಾದರೂ ಬೇಕಾಗುವುದು ಅದೇ.

ಪರೀಕ್ಷೆಯ ದಿನ

ಮೊದಲು ನೀರಿನ ಮೀಟರ್ ನೋಡಿ. ಮೇಲಿನ ಮನೆಯ ಎಲ್ಲ ನಲ್ಲಿ ಬಂದ್ ಮಾಡಿ, ಫ್ಲಶ್ ಟ್ಯಾಂಕ್ ತುಂಬಿದ ಮೇಲೆ ಮೀಟರ್ ಓದು ಬರೆದುಕೊಳ್ಳಿ. ಒಂದು ಗಂಟೆ ಬಿಟ್ಟು ಮತ್ತೆ ಓದಿ. ಅಂಕಿ ಬದಲಾಗಿದ್ದರೆ ನೀರು ಎಲ್ಲೋ ಹೋಗುತ್ತಿದೆ. ಆ ಮನೆಗೆ ಪ್ರತ್ಯೇಕ ಮೀಟರ್ ಇಲ್ಲದಿದ್ದರೆ ಪ್ಲಂಬರ್ ಕೈಯಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಲೈನ್‌ಗೆ ಒತ್ತಡ ಕೊಟ್ಟು ಗೇಜ್ ಮುಳ್ಳು ಇಳಿಯುತ್ತದಾ ನೋಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಮೀಟರ್ ಕದಲಲಿಲ್ಲ. ಬಿಸಿನೀರಿನ ಲೈನ್ ಗೀಸರ್ ಮೂಲಕ ಬರುವುದರಿಂದ ಅದರ ವಾಲ್ವ್ ತೆರೆದಿದೆಯಾ ಅಂತಲೂ ನೋಡಿಕೊಳ್ಳಿ. ಅದು ಮುಚ್ಚಿದ್ದರೆ ಆ ಲೈನ್ ಪರೀಕ್ಷೆ ಆದಂತೆಯೇ ಅಲ್ಲ.

ಆಮೇಲೆ ಪಾಂಡ್ ಟೆಸ್ಟ್, ಅಂದರೆ ನೆಲದ ಮೇಲೆ ನೀರು ನಿಲ್ಲಿಸಿ ನೋಡುವುದು. ಫ್ಲೋರ್ ಟ್ರ್ಯಾಪ್ ಜಾಲರಿ ತೆಗೆದು ಒಳಗೆ ಗಾಳಿ ತುಂಬುವ ಪ್ಲಗ್ ಅಥವಾ ರಬ್ಬರ್ ಪ್ಲಗ್ ಹಾಕಿ ಡ್ರೈನ್ ಮುಚ್ಚಬೇಕು. ಬಾಗಿಲ ಬಳಿ ನೀರು ಹೊರಗೆ ಹೋಗದಂತೆ ಸಣ್ಣ ಕಟ್ಟೆ ಬೇಕು. ನೆಲದ ಎತ್ತರದ ಭಾಗದಲ್ಲೂ 25 ಮಿ.ಮೀ. ನೀರು ನಿಲ್ಲುವಷ್ಟು ತುಂಬಿಸಿ. ಜಾಸ್ತಿ ಬೇಡ. 25 ಮಿ.ಮೀ. ನೀರು ಅಂದರೆ ಒಂದು ಚದರ ಮೀಟರಿಗೆ 25 ಕೆ.ಜಿ. ಭಾರ. "ಜಾಸ್ತಿ ತುಂಬಿದರೆ ಬೇಗ ಗೊತ್ತಾಗುತ್ತೆ" ಅಂತ ಮೊಣಕಾಲು ಮಟ್ಟ ತುಂಬಿಸುವ ಉತ್ಸಾಹಿಗಳನ್ನು ಅಲ್ಲೇ ತಡೆಯಿರಿ.

ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಟೇಪ್ ಅಂಟಿಸಿ ಗುರುತು ಹಾಕಿ, ಫೋಟೋ ತೆಗೆಯಿರಿ. ಅದೇ ಬಾತ್‌ರೂಮಿನಲ್ಲಿ ಒಂದು ಅಗಲ ತಟ್ಟೆಯಲ್ಲಿ ನೀರಿಟ್ಟು ಅದಕ್ಕೂ ಗುರುತು ಹಾಕಿ. ನಾಳೆ ಎರಡೂ ಒಂದೇ ಸಮ ಇಳಿದಿದ್ದರೆ ಅದು ಆವಿಯಾದದ್ದು. ನೆಲದ ನೀರು ಮಾತ್ರ ಹೆಚ್ಚು ಇಳಿದಿದ್ದರೆ ಸೋರಿಕೆ, ಇಲ್ಲವೇ ಪ್ಲಗ್ ಸರಿಯಾಗಿ ಕೂತಿಲ್ಲ. 24 ಗಂಟೆ ಬಿಡಿ. ಕೆಳಗೆ ಯಾರಾದರೂ ಎರಡು ಮೂರು ಗಂಟೆಗೊಮ್ಮೆ ಸೀಲಿಂಗ್ ನೋಡಿ ಬರೆಯುತ್ತಿರಲಿ. ಆ ಕೋಣೆಯ ಕರೆಂಟ್ ತೆಗೆದಿರಲಿ, ಸಾಮಾನು ಸರಿಸಿರಲಿ.

ಇಲ್ಲಿ 24 ಗಂಟೆಯೂ ಕೆಳಗೆ ಹನಿ ಬೀಳಲಿಲ್ಲ. ನೆಲದ ನೀರು, ತಟ್ಟೆಯ ನೀರು ಒಂದೇ ಸಮ ಇಳಿದಿದ್ದವು. ಅಂದರೆ ನೆಲದ ವಾಟರ್‌ಪ್ರೂಫಿಂಗ್ ಹಿಡಿದಿದೆ. ಹಿಂದೆ ಸಂದು ತುಂಬಿಸಿದ ಕೆಲಸ ಯಾಕೆ ಫಲ ಕೊಡಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಸಿಕ್ಕಿತು.

ಈಗ ನಿಂತ ನೀರಿಗೆ ಬಣ್ಣ ಕಲಸಿ. ತಿನ್ನುವ ಪದಾರ್ಥಕ್ಕೆ ಹಾಕುವ ನೀಲಿ ಅಥವಾ ಹಸಿರು ಬಣ್ಣ ಸಾಕು. ಕೆಂಪು ಬೇಡ, ತುಕ್ಕಿನ ಕಲೆಯ ಜೊತೆ ಗೊಂದಲವಾಗುತ್ತದೆ. ಟೈಲ್ಸ್ ಸಂದಿಗೆ ಬಣ್ಣ ಹಿಡಿಯಬಹುದು ಅಂತ ಮೇಲಿನವರಿಗೆ ಮೊದಲೇ ಹೇಳಿ. ಪ್ಲಗ್ ಎಳೆಯಿರಿ. ಅಷ್ಟೂ ನೀರು ಒಂದೇ ಸಲ ಡ್ರೈನ್ ಪೈಪಿನಲ್ಲಿ ಇಳಿಯುತ್ತದೆ. ಬೇರೆ ಏನೂ ಮಾಡದೆ ಡ್ರೈನ್ ಪರೀಕ್ಷೆಯೂ ಆಗಿಹೋಯಿತು. ಐವತ್ತು ನಿಮಿಷದಲ್ಲಿ ಕೆಳಗೆ ಹನಿ ಶುರುವಾಯಿತು, ಬಿಳಿ ಕಾಗದ ಒತ್ತಿದಾಗ ತಿಳಿ ಹಸಿರು. ದೋಷ ಪ್ಲಗ್ ಕೂತಿದ್ದ ಜಾಗಕ್ಕಿಂತ ಕೆಳಗೆ, ಟ್ರ್ಯಾಪ್ ಮತ್ತು ಡ್ರೈನ್ ಪೈಪ್ ಸೇರುವ ಜೋಡಣೆಯಲ್ಲಿ.

ಒಂದು ವೇಳೆ ಇದರಲ್ಲೂ ಏನೂ ಬರದಿದ್ದರೆ ಉಳಿಯುವುದು ಗೋಡೆ. ಡ್ರೈನ್ ತೆರೆದಿಟ್ಟು ಶವರ್ ಕೆಳಗಿನ ಗೋಡೆಗೆ ಮಾತ್ರ ಅರ್ಧ ಗಂಟೆ ನೀರು ಹಾಯಿಸಿ ನೋಡಬೇಕು. ಎರಡು ಪರೀಕ್ಷೆಗಳ ನಡುವೆ ಕನಿಷ್ಠ ಒಂದು ದಿನ ಬಿಡಿ. ಇವತ್ತಿನ ನೀರು ನಾಳೆ ಕೆಳಗೆ ಬಂದು ದಾರಿ ತಪ್ಪಿಸುತ್ತದೆ. ಅದರಲ್ಲೂ ನೆಲ ತಗ್ಗಿಸಿ ಒಳಗೆ ಇಟ್ಟಿಗೆ ಚೂರು ತುಂಬಿದ ಬಾತ್‌ರೂಮ್ ಆಗಿದ್ದರೆ ಆ ತುಂಬುವಿಕೆ ನೀರು ಹಿಡಿದಿಟ್ಟುಕೊಂಡು ದಿನಗಟ್ಟಲೆ ಬಿಡುತ್ತಿರುತ್ತದೆ. ಅಂಥ ಕಡೆ ಬೆಳಗ್ಗೆ ಸ್ನಾನ, ಆಮೇಲೆ ಹನಿ ಅನ್ನುವ ಸ್ಪಷ್ಟ ಲೆಕ್ಕ ಸಿಗುವುದಿಲ್ಲ. 24 ಗಂಟೆ ಬದಲು 48 ಗಂಟೆ ಪಾಂಡ್ ಟೆಸ್ಟ್ ಬೇಕಾಗಬಹುದು.

ಕೆಲಸಗಾರರನ್ನು ಒಂದು ದಾರಕ್ಕೆ ಪೋಣಿಸುವುದು

ಪ್ಲಂಬರ್ ಬಂದರೆ "ವಾಟರ್‌ಪ್ರೂಫಿಂಗ್ ಹೋಗಿದೆ" ಅನ್ನುತ್ತಾರೆ. ವಾಟರ್‌ಪ್ರೂಫಿಂಗ್‌ನವರು "ಪೈಪ್ ಸರಿಯಿಲ್ಲ" ಅನ್ನುತ್ತಾರೆ. ಪೇಂಟರ್ ಇಬ್ಬರ ಮಾತನ್ನೂ ಕೇಳದೆ ಪುಟ್ಟಿ ಕಲಸುತ್ತಾರೆ. ಪರೀಕ್ಷೆಯ ಫೋಟೋ ಮತ್ತು ಸಮಯ ಕೈಯಲ್ಲಿದ್ದರೆ ಈ ವಾದ ನಡೆಯುವುದಿಲ್ಲ. ಅದನ್ನು ಇಬ್ಬರಿಗೂ ಒಂದೇ ಮೆಸೇಜಿನಲ್ಲಿ ಕಳಿಸಿ.

ಕೆಲಸದ ವಿವರವನ್ನೂ ಬರೆದು ಕೊಡಿ. "ಸೋರಿಕೆ ಸರಿ ಮಾಡುವುದು" ಅನ್ನುವುದು ವಿವರ ಅಲ್ಲ. ನಮ್ಮ ಉದಾಹರಣೆಗೆ ಹೀಗಿರಬೇಕು: ಟ್ರ್ಯಾಪ್ ಸುತ್ತಲಿನ ನಾಲ್ಕು ಟೈಲ್ಸ್ ತೆಗೆಯುವುದು, ಹಳೇ ಟ್ರ್ಯಾಪ್ ತೆಗೆದು ಹೊಸದು ಕೂರಿಸಿ ಪೈಪಿಗೆ ಜೋಡಿಸುವುದು, ಸುತ್ತಲಿನ ಸಂದಿಗೆ ಕುಗ್ಗದ ಗ್ರೌಟ್ ತುಂಬುವುದು, ಒಡೆದ ಜಾಗಕ್ಕೆ ವಾಟರ್‌ಪ್ರೂಫ್ ಕೋಟಿಂಗ್, ಪರೀಕ್ಷೆ, ಟೈಲ್ಸ್. ಮಾಲು ಯಾರು ತರುತ್ತಾರೆ, ಡೆಬ್ರಿ ಯಾರು ಸಾಗಿಸುತ್ತಾರೆ ಅನ್ನುವುದೂ ಅದರಲ್ಲೇ ಬರಲಿ. ಹೊಂದುವ ಟೈಲ್ಸ್ ಸಿಗುತ್ತದಾ ಅನ್ನುವುದನ್ನು ಒಡೆಯುವ ಮೊದಲೇ ನೋಡಿಕೊಳ್ಳಿ.

ಈ ಕೆಲಸದಲ್ಲಿ ಎರಡು ಕಡೆ ನಿಲ್ಲಿಸಿ ನೋಡಲೇಬೇಕು. ಮೊದಲನೆಯದು, ಪ್ಲಂಬರ್ ಜೋಡಣೆ ಮುಗಿಸಿ ಅದು ಒಣಗಿದ ಮೇಲೆ, ಗ್ರೌಟ್ ತುಂಬುವ ಮೊದಲು. ಟ್ರ್ಯಾಪ್ ಒಳಗೆ ಎರಡು ಬಕೆಟ್ ನೀರು ಹೊಯ್ದು ಜೋಡಣೆಯ ಸುತ್ತ ಟಿಶ್ಯೂ ಕಾಗದ ಒತ್ತಿ ನೋಡಬೇಕು. ಒಂದು ಚುಕ್ಕೆ ತೇವ ಬಂದರೂ ಮುಚ್ಚುವಂತಿಲ್ಲ. ಆ ಜೋಡಣೆ ಕಣ್ಣಿಗೆ ಕಾಣುವುದು ಆ ಒಂದು ಗಂಟೆ ಮಾತ್ರ, ಆಮೇಲೆ ಟೈಲ್ಸ್ ಕೆಳಗೆ ಹೋಗಿಬಿಡುತ್ತದೆ. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದಿಡಿ.

ಎರಡನೆಯದು, ಕೋಟಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮೊದಲು. ಕೋಟಿಂಗ್ ಎರಡು ಪದರ ಬೇಕು. ಮೊದಲನೆಯದನ್ನು ಉದ್ದಕ್ಕೆ ಬಳಿದರೆ ಎರಡನೆಯದನ್ನು ಅಡ್ಡಕ್ಕೆ ಬಳಿಯಬೇಕು. ಆಗ ಬ್ರಷ್ ಬಿಟ್ಟ ಜಾಗ ಮುಚ್ಚಿಹೋಗುತ್ತದೆ. ಟ್ರ್ಯಾಪ್ ಕುತ್ತಿಗೆಯ ಸುತ್ತ ಫೈಬರ್ ಮೆಶ್ ಒತ್ತಬೇಕು. ಹಳೇ ಕೋಟಿಂಗ್ ಕಾಣುವವರೆಗೆ ಅಂಚು ಬಿಡಿಸಿ, ಹೊಸದು ಅದರ ಮೇಲೆ ಕನಿಷ್ಠ 10 ಸೆಂ.ಮೀ. ಹತ್ತಿ ಕೂರಬೇಕು. ಅಷ್ಟು ಜಾಗ ಸಿಗದಿದ್ದರೆ ಇನ್ನೊಂದು ಸಾಲು ಟೈಲ್ಸ್ ತೆಗೆಯಲೇಬೇಕು, ಬೇರೆ ದಾರಿ ಇಲ್ಲ. ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗಿದ ಮೇಲೆ ಮತ್ತೆ 24 ಗಂಟೆ ಪಾಂಡ್ ಟೆಸ್ಟ್. ಕೆಲಸಗಾರರಿಗೆ ಇದು ಇಷ್ಟವಾಗುವುದಿಲ್ಲ, ಒಂದು ದಿನ ಸುಮ್ನೆ ಹೋಯಿತು ಅನ್ನುತ್ತಾರೆ. ಅದಕ್ಕೇ ಒಪ್ಪಂದದಲ್ಲೇ ಬರೆದಿರಬೇಕು: ಈ ಪರೀಕ್ಷೆ ಪಾಸಾದ ಮೇಲೆಯೇ ಎರಡನೇ ಕಂತಿನ ಹಣ. ಕೊನೆಯ ಕಂತು ಟೈಲ್ಸ್ ಮುಗಿದು ಎರಡು ವಾರ ಸಾಮಾನ್ಯ ಬಳಕೆ ಆದ ಮೇಲೆ.

ಗ್ಯಾರಂಟಿ ಕೊಟ್ಟರೆ ಅದರಲ್ಲಿ ಯಾವ ಜಾಗ, ಯಾವ ಕೆಲಸ, ಯಾವ ದಿನಾಂಕದಿಂದ ಅಂತ ಇರಲಿ. ಬರೀ "ವಾಟರ್‌ಪ್ರೂಫಿಂಗ್ ಗ್ಯಾರಂಟಿ" ಅಂತಿದ್ದರೆ ಮುಂದೆ ಪೈಪ್ ಜೋಡಣೆ ಸೋರಿದಾಗ ಅದು ಉಪಯೋಗಕ್ಕೆ ಬರುವುದಿಲ್ಲ. ಬಳಸಿದ ಡಬ್ಬದ ಹೆಸರು ಮತ್ತು ಬ್ಯಾಚ್ ನಂಬರ್ ಫೋಟೋ ತೆಗೆದು ಬಿಲ್ ಜೊತೆ ಇಡಿ.

ಪೇಂಟರ್ ಕೊನೆಗೆ, ಅದೂ ತಡವಾಗಿ

ನನ್ನ ಪ್ರಕಾರ ಮರುದೂರುಗಳಲ್ಲಿ ಒಂದು ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ. ಸೋರಿಕೆ ನಿಂತಿರುತ್ತದೆ, ಆದರೆ ಸ್ಲ್ಯಾಬ್ ಒಳಗೆ ತಿಂಗಳುಗಟ್ಟಲೆ ಕುಡಿದ ನೀರು ಹಾಗೇ ಇರುತ್ತದೆ. ಅದು ಹೊರಗೆ ಬರಲು ವಾರಗಳು ಬೇಕು, ದಪ್ಪ ಸ್ಲ್ಯಾಬ್ ಆದರೆ ತಿಂಗಳುಗಳೂ ಬೇಕಾಗಬಹುದು. ಅಷ್ಟರಲ್ಲಿ ಪೇಂಟ್ ಹೊಡೆದರೆ ಒಳಗಿನ ತೇವ ಪೇಂಟನ್ನು ಉಬ್ಬಿಸಿ ಸುಲಿಯುತ್ತದೆ. ಬಾಡಿಗೆದಾರರು ಅದನ್ನು ಹೊಸ ಸೋರಿಕೆ ಅಂದುಕೊಳ್ಳುತ್ತಾರೆ. ಅವರ ತಪ್ಪೇನೂ ಇಲ್ಲ, ಕಾಣುವುದು ಹಾಗೆಯೇ ಅಲ್ವಾ?

ಆದ್ದರಿಂದ ರಿಪೇರಿ ಮುಗಿದ ದಿನವೇ ಹೇಳಿಬಿಡಿ: "ಮೇಲಿನ ಜೋಡಣೆ ಬದಲಾಯಿಸಿ ಪರೀಕ್ಷೆ ಮಾಡಿದೆವು, ಹನಿ ಇಲ್ಲ. ಕಲೆ ಇನ್ನೂ ಕೆಲವು ವಾರ ಹೀಗೇ ಕಾಣುತ್ತದೆ, ಬಿಳಿ ಪುಡಿಯೂ ಬರಬಹುದು. ಹನಿ ಬಿದ್ದರೆ ಅಥವಾ ಕಲೆ ಪೆನ್ಸಿಲ್ ಗೆರೆ ದಾಟಿದರೆ ಕೂಡಲೇ ತಿಳಿಸಿ. ಪ್ರತಿ ಶನಿವಾರ ಬಂದು ಅಳೆಯುತ್ತೇನೆ. ಒಣಗಿದ ಮೇಲೆ ಪೇಂಟ್."

ಅಳೆಯಲು ಸಣ್ಣ ಮಾಯಿಶ್ಚರ್ ಮೀಟರ್ ಸಾಕು. ಪ್ಲಾಸ್ಟರ್ ಮೇಲೆ ಅದು ತೋರಿಸುವ ಶೇಕಡಾವಾರು ಅಂಕಿಯನ್ನು ಅಕ್ಷರಶಃ ನಂಬಬೇಡಿ. ಈ ಮೀಟರ್‌ಗಳನ್ನು ಹೆಚ್ಚಾಗಿ ಮರಕ್ಕೆ ಹೊಂದಿಸಿರುತ್ತಾರೆ. ಬಿಳಿ ಪುಡಿಯಾಗಿ ಕಾಣುವ ಉಪ್ಪು ಇದ್ದರೂ ಅಂಕಿ ಏರುತ್ತದೆ. ಹೋಲಿಕೆಗೆ ಮಾತ್ರ ಬಳಸಿ: ಕಲೆಯ ಒಳಗೆ ಮೂರು ಜಾಗ, ಅದೇ ಸೀಲಿಂಗಿನ ಒಣ ಮೂಲೆಯಲ್ಲಿ ಒಂದು ಜಾಗ, ನಾಲ್ಕಕ್ಕೂ ಚುಕ್ಕೆ ಗುರುತು. ವಾರಕ್ಕೊಮ್ಮೆ ಅದೇ ಚುಕ್ಕೆಗಳ ಮೇಲೆ ಓದಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಒಣ ಮೂಲೆ 9 ತೋರಿಸುವಾಗ ಕಲೆಯ ನಡುವೆ ಮೊದಲ ವಾರ 31, ಎರಡನೇ ವಾರ 26, ಮೂರನೇ ವಾರ 20, ನಾಲ್ಕನೇ ವಾರ 15, ಐದು ಮತ್ತು ಆರನೇ ವಾರ 10. ಎರಡು ವಾರ ಸತತವಾಗಿ ಒಣ ಮೂಲೆಯ ಹತ್ತಿರ ನಿಂತ ಮೇಲೆ ಪೇಂಟರ್ ಕರೆಯಬಹುದು.

ಅಂಕಿ ಇಳಿಯುತ್ತಾ ಬಂದು ಒಮ್ಮೆಲೇ ಏರಿದರೆ ಹೊಸ ನೀರು ಬಂದಿದೆ. ಇಳಿಯದೆ ಒಂದೇ ಕಡೆ ನಿಂತರೆ ಎರಡು ಸಾಧ್ಯತೆ: ಸಣ್ಣದಾಗಿ ಇನ್ನೂ ಜಿನುಗುತ್ತಿದೆ, ಇಲ್ಲವೇ ಉಪ್ಪು ಕೂತಿದೆ. ಮೊದಲು ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದು ಮತ್ತೆ ಅಳೆಯಿರಿ. ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಪೇಂಟರ್‌ಗೆ ಹೇಳಬೇಕಾದದ್ದು ಎರಡೇ ಮಾತು. ಸಡಿಲ ಪೇಂಟ್, ಪುಟ್ಟಿ, ಟೊಳ್ಳು ಪ್ಲಾಸ್ಟರ್ ಎಲ್ಲವನ್ನೂ ಗಟ್ಟಿ ಜಾಗ ಸಿಗುವವರೆಗೆ ಕೆರೆದು ತೆಗೆಯಬೇಕು. ಕಂದು ಕಲೆಯ ಮೇಲೆ ನೇರವಾಗಿ ನೀರಿನ ಪೇಂಟ್ ಹೊಡೆಯಬಾರದು, ಕಲೆ ಮತ್ತೆ ಮೇಲೆ ಬರುತ್ತದೆ. ಅದಕ್ಕೆಂದೇ ಕಲೆ ತಡೆಯುವ ಪ್ರೈಮರ್ ಸಿಗುತ್ತದೆ, ಮೊದಲು ಅದು.

ದೂರು ಮುಚ್ಚುವುದು

ಪೇಂಟ್ ಆದ ದಿನ ದೂರು ಮುಗಿಯಿತು ಅಂತ ಬರೆಯಬೇಡಿ. ಒಂದು ತಿಂಗಳ ನಂತರದ ದಿನಾಂಕ ಹಾಕಿ, ಅವತ್ತು ನೀವೇ ಹೋಗಿ ನೋಡಿ, ಅದೇ ಜಾಗದ ಫೋಟೋ ತೆಗೆದು, ಬಾಡಿಗೆದಾರರಿಗೆ ಕಳಿಸಿ ಅವರ ಒಪ್ಪಿಗೆ ಪಡೆದು ಮುಚ್ಚಿ. ಫೋಲ್ಡರ್‌ನಲ್ಲಿ ಪುಸ್ತಕದ ಪ್ರತಿ, ಪರೀಕ್ಷೆಯ ಫೋಟೋಗಳು, ಕೆಲಸದ ವಿವರ, ಬಿಲ್, ಗ್ಯಾರಂಟಿ, ಮೇಲಿನ ಮನೆಯವರ ಜೊತೆಗಿನ ಪತ್ರಗಳು ಇರಬೇಕು. ಬಾಡಿಗೆದಾರರ ಸಾಮಾನು ಹಾಳಾಗಿದ್ದರೆ ಅದರ ಫೋಟೋ, ಏನು ಒಪ್ಪಂದವಾಯಿತು ಅನ್ನುವುದು ಬೇರೆ ಹಾಳೆಯಲ್ಲಿರಲಿ. ವಿಮೆ ಇದ್ದರೆ ವಿಮೆ ಕಂಪನಿಯವರು ಕೇಳುವುದು ಮೊದಲ ದೂರಿನ ದಿನಾಂಕ ಮತ್ತು ಆಮೇಲೆ ನೀವು ಏನು ಮಾಡಿದಿರಿ ಅನ್ನುವುದನ್ನೇ. ನಿಧಾನವಾಗಿ ಆದ ಸೋರಿಕೆಯನ್ನು ಎಷ್ಟೋ ಪಾಲಿಸಿಗಳು ಒಪ್ಪುವುದಿಲ್ಲ, ಆದ್ದರಿಂದ ಮೊದಲೇ ಪಾಲಿಸಿ ಓದಿಕೊಳ್ಳಿ.

ಮುಂದೆ ಅದೇ ಜಾಗದಲ್ಲಿ ಕಲೆ ಬಂದರೆ ಹಳೇ ಪುಟವನ್ನೇ ತೆರೆದು ಮುಂದುವರಿಸಿ. ಗ್ಯಾರಂಟಿ ಕೇಳಲು ಆ ಕೊಂಡಿ ಬೇಕಾಗುತ್ತದೆ. ಒಂದು ಮೀಟರ್ ಆಚೆ ಬೇರೆ ಕಲೆ ಬಂದರೆ ಹೊಸ ಪುಟ ಶುರು ಮಾಡಿ ಹಳೆಯದರ ಸಂಖ್ಯೆ ಪಕ್ಕದಲ್ಲಿ ಬರೆಯಿರಿ, ಮತ್ತು ನೀರಿನ ಮೀಟರ್ ಪರೀಕ್ಷೆಯಿಂದ ಮೊದಲುಮಾಡಿ. ನೀರು ಸ್ಲ್ಯಾಬ್ ಒಳಗೆ ಅಡ್ಡಕ್ಕೆ ಹರಿದು ದೂರದಲ್ಲಿ ಹನಿಯುವುದು ಸಾಮಾನ್ಯ, ಹಾಗಾಗಿ ಕಳೆದ ಸಲ ಟ್ರ್ಯಾಪ್ ಆಗಿತ್ತು ಅನ್ನುವುದು ಈ ಸಲಕ್ಕೆ ಉತ್ತರ ಅಲ್ಲ.